ಹೃದಯದ ಚಿತ್ರದಲ್ಲಿ ಭಾಗ ಗುರುತಿಸುವ ಕ್ರಮ

ಹೃದಯದ ಸೀಳುನೋಟದ ಚಿತ್ರದಲ್ಲಿ ಹತ್ತಾರು ಹೆಸರುಗಳಿಗೆ ಜಾಗ ಬೇಕು. ಭಾಗಗಳು ಒತ್ತೊತ್ತಾಗಿರುವುದರಿಂದ ಹೆಸರುಗಳನ್ನು ಚಿತ್ರದ ಹೊರಗೆ ಬರೆದು, ಒಂದೊಂದನ್ನೂ ಸೂಚಕ ಗೆರೆಯಿಂದ ಅದರ ಭಾಗಕ್ಕೆ ಸೇರಿಸುತ್ತಾರೆ. ಎರಡು ಗೆರೆಗಳು ಒಂದನ್ನೊಂದು ದಾಟಿದರೆ ಯಾವ ಹೆಸರು ಯಾವ ಭಾಗದ್ದೆಂದು ತಿಳಿಯಲು ಓದುವವರು ಗೆರೆಯ ಮೇಲೆ ಬೆರಳಿಟ್ಟು ನೋಡಬೇಕಾಗುತ್ತದೆ.

ಚಿತ್ರವು ಎದುರಿಗೆ ನಿಂತವರ ಹೃದಯವನ್ನು ತೋರಿಸುವುದರಿಂದ ಹೃದಯದ ಬಲಭಾಗ ಹಾಳೆಯ ಎಡಕ್ಕೆ ಬರುತ್ತದೆ. ಆ ಕಡೆಯ ಹೆಸರುಗಳನ್ನು ಎಡ ಅಂಚಿನಲ್ಲಿ, ಉಳಿದವನ್ನು ಬಲ ಅಂಚಿನಲ್ಲಿ ಒಂದರ ಕೆಳಗೊಂದು ಬರೆಯಬೇಕು. ಹೆಸರುಗಳು ನೇರ ಸಾಲಿಗೆ ಬರುವಂತೆ ಮೊದಲು ಎರಡೂ ಕಡೆ ಪೆನ್ಸಿಲಿನಲ್ಲಿ ತೆಳುವಾಗಿ ಒಂದೊಂದು ಲಂಬ ಗೆರೆ ಎಳೆದುಕೊಂಡು, ಕೊನೆಗೆ ಅಳಿಸಿದರಾಯಿತು.

ಹೆಸರು ಬರೆಯುವ ಮುನ್ನ ಪ್ರತಿ ಭಾಗದೊಳಗೂ ಒಂದು ಚುಕ್ಕಿ ಇಡಬೇಕು. ರಕ್ತನಾಳ, ಕವಾಟಗಳಂಥ ಸಣ್ಣ ಭಾಗಗಳಲ್ಲಿ ಚುಕ್ಕಿಯನ್ನು ಸರಿಸಲು ಹೆಚ್ಚು ಎಡೆ ಇಲ್ಲ, ಹಾಗಾಗಿ ಅವುಗಳದ್ದೇ ಮೊದಲು. ಹೃತ್ಕರ್ಣ, ಹೃತ್ಕುಕ್ಷಿಗಳು ದೊಡ್ಡ ಕೋಣೆಗಳು. ಅವುಗಳ ಚುಕ್ಕಿಯನ್ನು ತುಸು ಮೇಲೆ ಕೆಳಗೆ ಸರಿಸಿ ಉಳಿದ ಗೆರೆಗಳಿಗೆ ದಾರಿ ಬಿಡಬಹುದು. ಆಮೇಲೆ ಚುಕ್ಕಿಗಳು ಮೇಲಿನಿಂದ ಕೆಳಕ್ಕೆ ಇರುವ ಕ್ರಮದಲ್ಲೇ ಹೆಸರುಗಳನ್ನು ಬರೆದು, ಸ್ಕೇಲ್ ಇಟ್ಟು ಸಾಧ್ಯವಾದಷ್ಟೂ ಅಡ್ಡವಾಗಿ ಗೆರೆ ಎಳೆಯಬೇಕು. ಸಮಾನಾಂತರ ಗೆರೆಗಳು ಎಲ್ಲೂ ಸೇರುವುದಿಲ್ಲ.

ಹೆಚ್ಚು ಎಡವಟ್ಟಾಗುವುದು ಮಹಾಪಧಮನಿಯಲ್ಲಿ. ಅದರ ಬುಡದ ಮುಂದೆಯೇ ಶ್ವಾಸಕೋಶದ ಅಪಧಮನಿ ಹಾದುಹೋಗುತ್ತದೆ. ಚುಕ್ಕಿಯನ್ನು ಬುಡದಲ್ಲಿಟ್ಟು ಬಲ ಅಂಚಿಗೆ ಗೆರೆ ಎಳೆದರೆ ಅದು ಆ ಅಪಧಮನಿಯ ಮೇಲೆ ಹರಿದು, ಯಾವ ನಾಳವನ್ನು ತೋರಿಸುತ್ತಿದೆ ಎಂಬುದೇ ಗೊಂದಲವಾಗುತ್ತದೆ. ಚುಕ್ಕಿಯನ್ನು ಮೇಲಿನ ಕಮಾನಿನಲ್ಲಿಟ್ಟರೆ ಗೆರೆಗೆ ಯಾವ ಅಡ್ಡಿಯೂ ಇಲ್ಲ. ಆಗ ಬಲ ಅಂಚಿನಲ್ಲಿ ಮಹಾಪಧಮನಿ, ಶ್ವಾಸಕೋಶದ ಅಪಧಮನಿ, ಶ್ವಾಸಕೋಶದ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ ಎಂಬ ಕ್ರಮ ತಾನಾಗಿ ಬರುತ್ತದೆ. ಅಭಿಧಮನಿಗಳು ಎರಡು ಕಂಡರೆ ಒಂದೇ ಹೆಸರಿನಿಂದ ಕವಲೊಡೆದ ಗೆರೆ ಸಾಕು.

ಇಷ್ಟಾದರೂ ಎರಡು ಗೆರೆಗಳು ದಾಟಿಕೊಂಡರೆ ಆ ಎರಡು ಹೆಸರುಗಳ ಸ್ಥಾನ ಅದಲುಬದಲು ಮಾಡಿದರೆ ಸಾಕು, ಆ ದಾಟು ಹೋಗುತ್ತದೆ. ಜ್ಯಾಮಿತಿಯ ಪ್ರಕಾರ ಹಾಗೆ ಬದಲಿಸಿದಾಗ ಗೆರೆಗಳ ಒಟ್ಟು ಉದ್ದವೂ ಕಡಿಮೆಯಾಗುತ್ತದೆ. ಬದಲಾವಣೆಯಿಂದ ಬೇರೊಂದು ಕಡೆ ಹೊಸ ದಾಟು ಹುಟ್ಟಿದರೂ ಪ್ರತಿ ಸಲ ಉದ್ದ ಇಳಿಯುತ್ತಲೇ ಹೋಗುವುದರಿಂದ ಕೊನೆಗೆ ಒಂದೂ ದಾಟು ಉಳಿಯುವುದಿಲ್ಲ.

ಗೆರೆಯ ತುದಿಗೆ ಬಾಣ ಹಾಕಬಾರದು. ಹೃದಯದ ಚಿತ್ರದಲ್ಲಿ ಬಾಣವೆಂದರೆ ರಕ್ತ ಹರಿಯುವ ದಿಕ್ಕು. ಗೆರೆ ಭಾಗದ ಒಳಗೇ ಮುಗಿಯಬೇಕು; ಹೊರಗೇ ನಿಂತರೆ ಅದು ಕೋಣೆಯನ್ನು ತೋರಿಸುತ್ತದೋ ಗೋಡೆಯನ್ನೋ ತಿಳಿಯದು.

ಅಕ್ಷರದ ಗಾತ್ರ ಎಲ್ಲ ಹೆಸರಿಗೂ ಒಂದೇ ಇರಬೇಕು. ಜಾಗ ಸಾಲದೆಂದು ಉದ್ದದ ಹೆಸರನ್ನು ಚಿಕ್ಕದಾಗಿ ಬರೆಯುವ ಬದಲು ಎರಡು ಸಾಲು ಮಾಡುವುದು ಮೇಲು. ಪಠ್ಯಪುಸ್ತಕಕ್ಕಾದರೆ ಇನ್ನೊಂದು ಎಚ್ಚರಿಕೆ ಬೇಕು: 10 ಪಾಯಿಂಟ್ ಅಕ್ಷರವಿರುವ ಚಿತ್ರವನ್ನು ಅರ್ಧ ಅಳತೆಗೆ ಕುಗ್ಗಿಸಿದರೆ ಅಕ್ಷರ 5 ಪಾಯಿಂಟ್ ಆಗಿ, ಕನ್ನಡದ ಒತ್ತಕ್ಷರಗಳು ಮಸಿಯ ಚುಕ್ಕಿಗಳಂತೆ ಕಾಣುತ್ತವೆ. ಚಿತ್ರವನ್ನು ಅಚ್ಚಿನ ಅಳತೆಗೆ ತಂದ ಮೇಲೆಯೇ ಹೆಸರು ಸೇರಿಸಬೇಕು.