ಗೆರೆಯ ಬಲತುದಿಯಲ್ಲಿ ಏನಿದೆ?

ಕಳ್ಳಭಟ್ಟಿಯಲ್ಲಿ ಮೆಥನಾಲ್ ಬೆರೆತು ಜನ ಕಣ್ಣು ಕಳೆದುಕೊಂಡ, ಪ್ರಾಣವನ್ನೇ ಬಿಟ್ಟ ಸುದ್ದಿಗಳು ನಮಗೆ ಹೊಸವಲ್ಲ. 1981ರಲ್ಲಿ ಬೆಂಗಳೂರಿನಲ್ಲೇ ಇಂಥ ದುರಂತ ನಡೆದು ನೂರಾರು ಮಂದಿ ಸತ್ತರು. ಹೊಟ್ಟೆ ಸೇರಿದ ಮೆಥನಾಲ್ ಇದ್ದ ಹಾಗೇ ಇದ್ದರೆ ಅಷ್ಟು ಅಪಾಯವಿಲ್ಲ. ಯಕೃತ್ತಿನಲ್ಲಿರುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೆಡಿಸುತ್ತದೆ. ಹಾಗಾಗಿ ವೈದ್ಯರು ಕಿಣ್ವಕ್ಕೇ ತಡೆ ಹಾಕುತ್ತಾರೆ. ಅದಕ್ಕೆ ಬಳಸುವ ಔಷಧ ಫೋಮೆಪಿಜೋಲ್. ಈ ತಡೆ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಜೀವರಸಾಯನ ತರಗತಿಯ ಒಂದು ಸ್ಲೈಡು ಸ್ಪಷ್ಟವಾಗಿ ಹೇಳುತ್ತದೆ, ಓದಲು ಬಂದರೆ.

ಮೊದಲು ಅಕ್ಷಗಳನ್ನು ನೋಡಿ. ಅಡ್ಡಕ್ಕೆ ಸಬ್‌ಸ್ಟ್ರೇಟ್‌ನ ಸಾಂದ್ರತೆ, ಅಂದರೆ ಕಿಣ್ವ ಕೆಲಸ ಮಾಡಬೇಕಾದ ವಸ್ತು ಎಷ್ಟಿದೆ ಎಂಬುದು. ನೇರಕ್ಕೆ ಕ್ರಿಯೆಯ ಆರಂಭದ ವೇಗ. ಅಡ್ಡಕ್ಕಿರುವುದು ಸಮಯವಲ್ಲ, ಹಲವರು ಎಡವುವುದು ಇಲ್ಲೇ. ಒಂದೊಂದು ಬಿಂದುವೂ ಬೇರೆ ಬೇರೆ ಸಾಂದ್ರತೆಯಲ್ಲಿ ಮಾಡಿದ ಒಂದೊಂದು ಪ್ರಯೋಗ. ಕಿಣ್ವದ ಪ್ರಮಾಣ ಮಾತ್ರ ಎಲ್ಲದರಲ್ಲೂ ಒಂದೇ. ಗೆರೆ ಮೊದಲು ಕಡಿದಾಗಿ ಏರಿ, ಆಮೇಲೆ ಬಾಗಿ, ಮಟ್ಟಸವಾಗುತ್ತಾ ಹೋಗುತ್ತದೆ. ಕಿಣ್ವದ ಅಣುಗಳೆಲ್ಲ ಕೆಲಸದಲ್ಲಿ ಮುಳುಗಿರುವಾಗ ವಸ್ತುವನ್ನು ಇನ್ನಷ್ಟು ಸುರಿದರೂ ವೇಗ ಹೆಚ್ಚುವುದಿಲ್ಲ. ಆ ಮೇಲ್ಮಿತಿಯೇ Vmax. ಅದರ ಅರ್ಧ ವೇಗ ಸಿಗುವ ಸಾಂದ್ರತೆ Km. 1913ರಲ್ಲಿ ಬರ್ಲಿನ್‌ನಲ್ಲಿ ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟನ್ ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಕಿಣ್ವವನ್ನು ಅಳೆದು ಪ್ರಕಟಿಸಿದ ಲೆಕ್ಕ ಇಂದಿಗೂ ಈ ಗೆರೆಯ ಬೆನ್ನೆಲುಬು:

```
v = Vmax × S / (Km + S)
```

ಲೆಕ್ಕಕ್ಕೆ ಸುಲಭವಾಗಲೆಂದು Vmax 100, Km 2 ಎಂದುಕೊಳ್ಳೋಣ. ಸಾಂದ್ರತೆ 2 ಇದ್ದಾಗ ವೇಗ 50. ಸಾಂದ್ರತೆ 18ಕ್ಕೆ ಹೋದರೆ 90. ಇಷ್ಟು ಹೊತ್ತಿಗೆ ಗೆರೆ ಮಟ್ಟಸವಾದಂತೆ ಕಾಣುತ್ತದೆ, ಆದರೆ ತುದಿ ಇನ್ನೂ ದೂರವಿದೆ. ಕಣ್ಣಳತೆಯಲ್ಲಿ 90ನ್ನೇ ಮೇಲ್ಮಿತಿ ಎಂದು ಹಿಡಿದರೆ Km ಕೂಡ ಕಡಿಮೆ ಬರುತ್ತದೆ.

ಈಗ ಫೋಮೆಪಿಜೋಲ್‌ನಂಥ ಪ್ರತಿಬಂಧಕವನ್ನು ಸೇರಿಸೋಣ. ಮೆಥನಾಲ್ ಕೂರಬೇಕಾದ ಜಾಗದಲ್ಲೇ ಅದು ಕೂರುತ್ತದೆ. ಇದು ಸ್ಪರ್ಧೆ, ಆದ್ದರಿಂದ ಇದನ್ನು ಕಾಂಪಿಟಿಟಿವ್ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಅದು Kmನ್ನು 2ರಿಂದ 6ಕ್ಕೆ ಏರಿಸಿತು ಎನ್ನಿ. ಸಾಂದ್ರತೆ 2ರಲ್ಲಿ 50 ಇದ್ದ ವೇಗ 25ಕ್ಕೆ ಇಳಿಯಿತು. ಇನ್ನೊಂದು ಪ್ರತಿಬಂಧಕ ಬೇರೆ ಜಾಗದಲ್ಲಿ ಅಂಟಿಕೊಂಡು ಕಿಣ್ವದ ಅರ್ಧ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ: Vmax 50, Km ಮಾತ್ರ 2ರಲ್ಲೇ ಇದೆ. ಇದು ನಾನ್‌ಕಾಂಪಿಟಿಟಿವ್. ಸಾಂದ್ರತೆ 2ರಲ್ಲಿ ಇದರ ವೇಗವೂ 25!

ಆ ಒಂದು ಬಿಂದುವನ್ನಷ್ಟೇ ಅಳೆದವರಿಗೆ ಇವೆರಡೂ ಒಂದೇ ಎನಿಸುತ್ತದೆ. ಬಲಕ್ಕೆ ಸಾಗಿದಾಗ ಸಂಗತಿ ಬಯಲಾಗುತ್ತದೆ. ಸಾಂದ್ರತೆ 18ರಲ್ಲಿ ಮೊದಲನೆಯದರ ವೇಗ 75, ಎರಡನೆಯದು 45. ಸಾಂದ್ರತೆಯನ್ನು 198ರವರೆಗೆ ಒಯ್ದರೆ ಸ್ಪರ್ಧೆಯ ಗೆರೆ ಸುಮಾರು 97ಕ್ಕೇರಿ, ಪ್ರತಿಬಂಧಕವೇ ಇಲ್ಲದ ಗೆರೆಯನ್ನು ಬಹುಮಟ್ಟಿಗೆ ಸೇರಿಕೊಳ್ಳುತ್ತದೆ. ಎರಡನೆಯದು 50ನ್ನು ಎಂದೂ ದಾಟದು.

ಆಸ್ಪತ್ರೆಯಲ್ಲಿ ಇದರ ಅರ್ಥ ಗಂಭೀರವಾದದ್ದು. ಫೋಮೆಪಿಜೋಲ್ ಕಿಣ್ವವನ್ನು ಬಲವಾಗಿ ಹಿಡಿಯುವುದರಿಂದ ಗೆಲ್ಲುತ್ತದೆ. ಆದರೆ ಅದು ರಕ್ತದಲ್ಲಿ ಸಾಕಷ್ಟು ಇರುವ ತನಕ ಮಾತ್ರ. ಮೆಥನಾಲ್ ಕರಗಿ ಹೋಗಿಲ್ಲ, ಕಾದು ಕುಳಿತಿದೆ. ಆದ್ದರಿಂದಲೇ ಔಷಧವನ್ನು ಗಂಟೆಗಳ ಲೆಕ್ಕದಲ್ಲಿ ಮತ್ತೆ ಮತ್ತೆ ಕೊಡುತ್ತಾರೆ, ತೀವ್ರ ಪ್ರಕರಣಗಳಲ್ಲಿ ಡಯಾಲಿಸಿಸ್ ಮಾಡಿ ವಿಷವನ್ನು ಹೊರಹಾಕುತ್ತಾರೆ. ಡಯಾಲಿಸಿಸ್ ಔಷಧವನ್ನೂ ತೊಳೆದುಹಾಕುವುದರಿಂದ ಆಗ ಅದನ್ನು ಇನ್ನೂ ಬೇಗಬೇಗ ಕೊಡಬೇಕಾಗುತ್ತದೆ.

ಸ್ಲೈಡಿನಲ್ಲಿ ಮೂರನೆಯ ಬಗೆಯ ಗೆರೆಯೂ ಇರಬಹುದು: ಅನ್‌ಕಾಂಪಿಟಿಟಿವ್. ಸಬ್‌ಸ್ಟ್ರೇಟ್ ಬಂದು ಕೂತ ಮೇಲಷ್ಟೇ ಈ ಪ್ರತಿಬಂಧಕ ಅಂಟುತ್ತದೆ. ಎಡತುದಿಯಲ್ಲಿ ಅದರ ಗೆರೆ ಮೂಲದ ಗೆರೆಯ ಜೊತೆಗೇ ಏರಿ, ಬಲಕ್ಕೆ ಹೋದಂತೆ ಕೆಳಗೇ ಉಳಿಯುತ್ತದೆ. Vmax, Km ಎರಡೂ ಇಳಿಯುತ್ತವೆ. ಮನೋರೋಗ ಚಿಕಿತ್ಸೆಯ ಲಿಥಿಯಂ ಇನಾಸಿಟಾಲ್ ಮಾನೊಫಾಸ್ಫಟೇಸ್ ಕಿಣ್ವವನ್ನು ತಡೆಯುವುದು ಹೀಗೆ.

ಎರಡನೆಯ ಗೆರೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು ನರಗಳ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವಕ್ಕೆ ಬಿಡಿಸಲಾಗದಂಥ ರಾಸಾಯನಿಕ ಬಂಧ ಹಾಕಿ ಅದನ್ನು ಕೆಲಸದಿಂದಲೇ ತೆಗೆದುಬಿಡುತ್ತವೆ. ಉಳಿದ ಕಿಣ್ವ ಎಂದಿನಂತೆ ದುಡಿಯುವುದರಿಂದ Km ಬದಲಾಗದು, Vmax ಮಾತ್ರ ಇಳಿಯುತ್ತದೆ. ಗೆರೆ ನಾನ್‌ಕಾಂಪಿಟಿಟಿವ್‌ನ ತದ್ರೂಪು. ಇವನ್ನು ಬೇರ್ಪಡಿಸಲು ಮಿಶ್ರಣವನ್ನು ಚೆನ್ನಾಗಿ ತೆಳುಮಾಡಿ ಮತ್ತೆ ಅಳೆಯಬೇಕು: ಕಿಣ್ವದ ಶಕ್ತಿ ಮರಳಿದರೆ ತಡೆ ತಾತ್ಕಾಲಿಕ, ಮರಳದಿದ್ದರೆ ಶಾಶ್ವತ.