ಉದ್ದನೆಯ ಪ್ರಕಟಣೆಯಲ್ಲಿ ಕಣ್ಣಿಗೆ ದಾರಿ

ಭಟ್ಕಳ, ಹೊನ್ನಾವರ, ಕುಮಟಾಗಳ ಮೂಲಕ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಗೆ ಜಮೀನು ಬೇಕಾದಾಗ, 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ 3ಎ ಕಲಮಿನಂತೆ ಪ್ರಕಟಣೆ ಹೊರಡುತ್ತದೆ. ಅದನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಹುಡುಕುವುದು ಮೂರೇ ಸಂಗತಿ: ನನ್ನ ಜಮೀನು ಇದರಲ್ಲಿದೆಯೇ? ತಕರಾರನ್ನು ಯಾವ ದಿನದೊಳಗೆ ಕೊಡಬೇಕು? ಯಾರಿಗೆ?

ಇಂಥದೊಂದನ್ನು ನೀವೇ ಅಚ್ಚಿಗೆ ಸಿದ್ಧಪಡಿಸುತ್ತೀರೆನ್ನಿ. ಓದುಗರು ಮೊದಲು ಊರನ್ನು, ಆಮೇಲೆ ಸರ್ವೆ ನಂಬರನ್ನು ನೋಡುವರು. ಆದುದರಿಂದ ತಲೆಬರಹ ಸಲ್ಲುವುದು ತಾಲೂಕಿಗೆ ಮತ್ತು ಗ್ರಾಮಕ್ಕೆ. ಎರಡು ಗ್ರಾಮಗಳ ನಡುವೆ ಒಂದು ಸಾಲು ಖಾಲಿ ಬಿಡಿ. ಒಂದೇ ಗ್ರಾಮದ ನಂಬರುಗಳ ನಡುವೆ ಮಾತ್ರ ಬಿಡಬೇಡಿ. ಪಟ್ಟಿ ಅಲ್ಲಿಗೇ ಮುಗಿಯಿತೆಂದು ಓದುಗರು ಮಡಿಸಿಟ್ಟಾರು.

ದಪ್ಪ ಅಕ್ಷರವನ್ನು, ಕಣ್ತಪ್ಪಿದರೆ ಅವಕಾಶವೇ ಕೈತಪ್ಪುವ ಮಾತಿಗೆ ಮೀಸಲಿಡಿ. ಇಲ್ಲಿ ಅದು 3ಸಿ ಕಲಮಿನದು: ಪ್ರಕಟಣೆಯ ದಿನದಿಂದ 21 ದಿನಗಳೊಳಗೆ, ಸಕ್ಷಮ ಪ್ರಾಧಿಕಾರಿಗೆ, ಬರಹದ ಮೂಲಕ ತಕರಾರು. ಕಲಮಿನ ಅಂಕೆ, ಅಧಿಸೂಚನೆಯ ಸಂಖ್ಯೆ ಎಲ್ಲವನ್ನೂ ದಪ್ಪ ಮಾಡಿದರೆ ಈ 21 ದಿನ ಗುಂಪಿನಲ್ಲಿ ಮರೆಯಾಗುತ್ತದೆ.

ಇನ್ನೊಂದು ಎಚ್ಚರಿಕೆ. ತಲೆಬರಹ ಒಳಗಿನ ಮಾತನ್ನು ಮೀರಬಾರದು. 3ಎ ಹೇಳುವುದು ಸರಕಾರದ ಉದ್ದೇಶವನ್ನಷ್ಟೇ. ಜಮೀನು ಸರಕಾರಕ್ಕೆ ಸೇರುವುದು 3ಡಿ ಘೋಷಣೆ ಪ್ರಕಟವಾದ ಮೇಲೆ. "ಸ್ವಾಧೀನಗೊಂಡ ಜಮೀನುಗಳು" ಎಂದು ಮೇಲೆ ಬರೆದರೆ, ಕಾಲ ಮೀರಿತೆಂದುಕೊಂಡು ತಕರಾರನ್ನೇ ಕೊಡದವರು ಉಂಟಾದಾರು.

ಕೊನೆಗೆ, ನೆರೆಯವರೊಬ್ಬರಿಗೆ ಒಂದು ಸರ್ವೆ ನಂಬರು ಹೇಳಿ, ಹಾಳೆ ಕೊಡಿ. ಅವರ ಬೆರಳು ತಡವರಿಸಿದಲ್ಲಿ ನಿಮ್ಮ ತಿದ್ದುಪಡಿ ಬೇಕು.