ನಗದು ಲಾಭಾಂಶ, ಬೋನಸ್ ಷೇರು: ಲೆಕ್ಕದಲ್ಲಿ ಏನು ಬದಲಾಗುತ್ತದೆ?

ಕಂಪನಿ ಷೇರುದಾರರಿಗೆ ಲಾಭಾಂಶವಾಗಿ ಹಣ ಕೊಟ್ಟರೆ ಅದು ನಗದು ಲಾಭಾಂಶ. ಹಣದ ಬದಲು ಹೊಸ ಷೇರು ಕೊಡುವುದನ್ನು ಅಮೆರಿಕದಲ್ಲಿ ಸ್ಟಾಕ್ ಡಿವಿಡೆಂಡ್ ಎನ್ನುತ್ತಾರೆ. ಭಾರತದಲ್ಲಿ ಅದಕ್ಕೆ ಹತ್ತಿರವಾದದ್ದು ಬೋನಸ್ ಷೇರು. ಆದರೆ ಲಾಭಾಂಶಕ್ಕೆ ಬದಲಾಗಿ ಬೋನಸ್ ಷೇರು ಕೊಡುವಂತಿಲ್ಲ ಎಂದು 2013ರ ಕಂಪನಿ ಕಾಯ್ದೆಯ 63ನೇ ಕಲಮು ಹೇಳುತ್ತದೆ.

ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳೋಣ. ₹10 ಮುಖಬೆಲೆಯ 10 ಲಕ್ಷ ಷೇರುಗಳಿಂದ ಅದರ ಬಂಡವಾಳ ₹1 ಕೋಟಿ. ಹಿಂದಿನ ವರ್ಷಗಳ ಲಾಭದಿಂದ ಕೂಡಿದ ಮೀಸಲು ₹3 ಕೋಟಿ. ಷೇರುದಾರರ ನಿಧಿ ಒಟ್ಟು ₹4 ಕೋಟಿ, ಅಂದರೆ ಷೇರೊಂದಕ್ಕೆ ₹40.

ಕಂಪನಿ ಶೇ 20ರಷ್ಟು ಲಾಭಾಂಶ ಘೋಷಿಸಿತು ಎನ್ನಿ. ಈ ಶೇಕಡಾವಾರು ಮುಖಬೆಲೆಯ ಮೇಲಿನದು, ಪೇಟೆಯ ಬೆಲೆಯ ಮೇಲಿನದಲ್ಲ. ಹಾಗಾಗಿ ಷೇರಿಗೆ ₹2, ಒಟ್ಟು ₹20 ಲಕ್ಷ. ನಿರ್ದೇಶಕರು ಶಿಫಾರಸು ಮಾಡಿದಷ್ಟಕ್ಕೇ ಅಂತಿಮ ಲಾಭಾಂಶದ ಲೆಕ್ಕ ಬರೆಯುವುದಿಲ್ಲ. ವಾರ್ಷಿಕ ಮಹಾಸಭೆ ಒಪ್ಪಿದ ದಿನ ಮೀಸಲು ಖಾತೆಗೆ ₹20 ಲಕ್ಷ ಡೆಬಿಟ್, ‘ಕೊಡಬೇಕಾದ ಲಾಭಾಂಶ’ ಖಾತೆಗೆ ಅಷ್ಟೇ ಕ್ರೆಡಿಟ್. ಷೇರುದಾರರ ನಿಧಿ ₹3.80 ಕೋಟಿಗೆ ಇಳಿಯುವುದು ಆ ದಿನವೇ. ಹಣ ಪಾವತಿಸಿದಾಗ ‘ಕೊಡಬೇಕಾದ ಲಾಭಾಂಶ’ ಡೆಬಿಟ್, ಬ್ಯಾಂಕ್ ಕ್ರೆಡಿಟ್. ಇಲ್ಲಿ ಸಾಲ ತೀರಿ ಬ್ಯಾಂಕಿನ ಹಣ ಕಡಿಮೆಯಾಗುತ್ತದೆಯೇ ಹೊರತು ಷೇರುದಾರರ ನಿಧಿಗೆ ಇನ್ನೊಮ್ಮೆ ಪೆಟ್ಟು ಬೀಳುವುದಿಲ್ಲ.

ಅದೇ ಕಂಪನಿ ಲಾಭಾಂಶದ ಹಾದಿ ಬಿಟ್ಟು, ಐದು ಷೇರಿಗೆ ಒಂದರಂತೆ 2 ಲಕ್ಷ ಬೋನಸ್ ಷೇರು ಕೊಟ್ಟಿದ್ದರೆ? ಮುಖಬೆಲೆಯಲ್ಲಿ ಅದೂ ₹20 ಲಕ್ಷವೇ. ಸಭೆ ಒಪ್ಪಿದಾಗ ಮೀಸಲು ಡೆಬಿಟ್, ‘ಷೇರುದಾರರಿಗೆ ಬೋನಸ್’ ಕ್ರೆಡಿಟ್. ಷೇರು ಹಂಚಿದಾಗ ‘ಷೇರುದಾರರಿಗೆ ಬೋನಸ್’ ಡೆಬಿಟ್, ಷೇರು ಬಂಡವಾಳ ಕ್ರೆಡಿಟ್. ನಡುವಿನ ಈ ಖಾತೆಯನ್ನು ಸಾಲವೆಂದು ತೋರಿಸುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಕಂಪನಿ ಇಲ್ಲಿ ಯಾರಿಗೂ ಹಣ ಕೊಡಬೇಕಾಗಿಲ್ಲ. ಆ ಖಾತೆ ಷೇರುದಾರರ ನಿಧಿಯೊಳಗೇ ಇರುತ್ತದೆ. ಕೊನೆಗೆ ಬಂಡವಾಳ ₹1.20 ಕೋಟಿ, ಮೀಸಲು ₹2.80 ಕೋಟಿ, ಒಟ್ಟು ಮೊದಲಿನಂತೆ ₹4 ಕೋಟಿ.

100 ಷೇರು ಇದ್ದವರ ಪಾಲು ಮೊದಲು ₹4,000. ನಗದು ಲಾಭಾಂಶದ ನಂತರ ತೆರಿಗೆ ಬಿಟ್ಟು ನೋಡಿದರೆ ಕಂಪನಿಯಲ್ಲಿ ₹3,800, ಕೈಯಲ್ಲಿ ₹200. ಬೋನಸ್ ನಂತರ ಷೇರು 120 ಆದರೂ ತಲಾ ಮೌಲ್ಯ ಸುಮಾರು ₹33.33ಕ್ಕೆ ಇಳಿದು ಪಾಲು ₹4,000ವೇ ಆಗಿರುತ್ತದೆ. ಪೇಟೆಯಲ್ಲೂ ಬೋನಸ್ ಹಕ್ಕು ಮುಗಿದ ದಿನ ಷೇರಿನ ಬೆಲೆ ಸರಿಸುಮಾರು ಇದೇ ಪ್ರಮಾಣದಲ್ಲಿ ತಗ್ಗುತ್ತದೆ. ಅದನ್ನು ನಷ್ಟವೆಂದು ತಿಳಿದು ಗಾಬರಿಯಾಗಬೇಕಿಲ್ಲ.

ಮೊತ್ತ ಬದಲಾಗದಿದ್ದರೂ ಬೋನಸ್ ಬರೀ ಕಾಗದದ ಆಟವಲ್ಲ. ಮೀಸಲಿನಿಂದ ಬಂಡವಾಳಕ್ಕೆ ಸೇರಿದ ₹20 ಲಕ್ಷವನ್ನು ಕಂಪನಿ ಮುಂದೆ ಲಾಭಾಂಶವಾಗಿ ಹಂಚುವಂತಿಲ್ಲ.